ಕೀ ಕೊಟ್ಟ ದಿನದ ಮೆಸೇಜ್

ಬೆಂಗಳೂರಿನಲ್ಲಿ ಬಾಡಿಗೆ ಮನೆ ಹಿಡಿಯುವಾಗ ಕರಾರುಪತ್ರ ಇರುತ್ತದೆ, ಇ-ಸ್ಟಾಂಪ್ ಕಾಗದ ಇರುತ್ತದೆ, ಇಬ್ಬರು ಸಾಕ್ಷಿಗಳ ಸಹಿ ಇರುತ್ತದೆ. ಮನೆ ಬಿಡುವ ದಿನ ಇದ್ಯಾವುದೂ ಇರುವುದಿಲ್ಲ. ಟೆಂಪೊದವನು ಕೆಳಗೆ ಹಾರ್ನ್ ಹೊಡೆಯುತ್ತಿರುತ್ತಾನೆ, ಫ್ರಿಜ್ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡಿರುತ್ತದೆ, ಕೀಗೊಂಚಲನ್ನು ಓನರ್ ಕೈಗೋ ಸೆಕ್ಯೂರಿಟಿಯವರ ಕೈಗೋ ಕೊಟ್ಟು ಹೊರಟುಬಿಡುತ್ತೇವೆ. ಅಡ್ವಾನ್ಸ್ ಮಾತ್ರ ಇನ್ನೂ ಓನರ್ ಬಳಿಯೇ ಇರುತ್ತದೆ. ಹತ್ತು ತಿಂಗಳ ಬಾಡಿಗೆಯಷ್ಟು ಅಡ್ವಾನ್ಸ್ ಕೇಳುವ ಹಳೆಯ ಪದ್ಧತಿ ಈಗ ಅನೇಕ ಕಡೆ ಐದಾರು ತಿಂಗಳಿಗೆ ಇಳಿದಿದ್ದರೂ, ಸಂಬಳದವರಿಗೆ ಅದು ಸಣ್ಣ ಮೊತ್ತವಲ್ಲ. ಆ ಹಣ ಎಷ್ಟು ವಾಪಸ್ ಬರುತ್ತದೆ ಎಂಬುದು, ಮನೆ ಬಿಟ್ಟ ಕ್ಷಣದಲ್ಲಿ ಮನೆ ಹೇಗಿತ್ತು ಎಂಬ ಪ್ರಶ್ನೆಗೆ ಸಿಗುವ ಉತ್ತರದ ಮೇಲೆ ನಿಂತಿದೆ. ಆ ಕ್ಷಣದ ದಾಖಲೆ ಬಹುತೇಕರ ಬಳಿ ಇರುವುದಿಲ್ಲ.

ದಾಖಲೆ ಮಾಡುವುದು ಕಷ್ಟವೇನಲ್ಲ. ಕೀ ಕೊಟ್ಟ ಕೂಡಲೇ ಓನರ್‌ಗೆ ಒಂದು ಮೆಸೇಜ್, ಅದರ ಜೊತೆಗೆ ಖಾಲಿ ಮನೆಯ ಫೋಟೊಗಳು, ಅಷ್ಟೆ. ಆದರೆ ಆ ಮೆಸೇಜಿನಲ್ಲಿ ಏನಿರಬೇಕು, ಫೋಟೊ ಹೇಗೆ ಹೋಗಬೇಕು, ಯಾವ ಕಡೆಯಿಂದ ಅದು ಬಲವಾಗುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದನ್ನು ತಿಳಿದುಕೊಂಡಿರುವುದು ಒಳ್ಳೆಯದು.

ಮೊದಲು ಕಾನೂನಿನ ನೆಲೆ. ಬೆಂಗಳೂರಿನ ಫ್ಲ್ಯಾಟುಗಳ ಮಟ್ಟಿಗೆ ಕರ್ನಾಟಕ ಬಾಡಿಗೆ ಕಾಯ್ದೆ, 1999 ಹೆಚ್ಚೇನೂ ಉಪಯೋಗಕ್ಕೆ ಬರುವುದಿಲ್ಲ. ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳನ್ನು ಆ ಕಾಯ್ದೆ ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಇವತ್ತು ಆ ಬಾಡಿಗೆಗೆ ಇಲ್ಲಿ ಒಂದು ರೂಮೂ ಸಿಗುವುದಿಲ್ಲ. ಎರಡು ತಿಂಗಳಿಗಿಂತ ಹೆಚ್ಚು ಅಡ್ವಾನ್ಸ್ ಪಡೆಯಬಾರದು ಎನ್ನುವ ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಹೆಸರಿಗೆ ತಕ್ಕಂತೆ ಮಾದರಿ ಮಾತ್ರ. ರಾಜ್ಯವೊಂದು ಅದನ್ನು ತನ್ನದಾಗಿ ಜಾರಿಗೆ ತಂದರಷ್ಟೇ ಅಲ್ಲಿಗೆ ಅನ್ವಯ. ಹಾಗಾಗಿ ಉಳಿಯುವುದು ಎರಡೇ: ನೀವು ಸಹಿ ಹಾಕಿದ ಕರಾರು, ಮತ್ತು 1882ರ ಸ್ವತ್ತು ವರ್ಗಾವಣೆ ಕಾಯ್ದೆ.

ಆ ಹಳೆಯ ಕಾಯ್ದೆಯ 108ನೇ ಕಲಮು ಬಾಡಿಗೆದಾರನ ಮೇಲೆ ಎರಡು ಹೊಣೆ ಹೊರಿಸುತ್ತದೆ. ಮನೆ ಕೈಗೆ ಬಂದಾಗ ಯಾವ ಸ್ಥಿತಿಯಲ್ಲಿತ್ತೋ ಅದೇ ಸ್ಥಿತಿಯಲ್ಲಿ ಹಿಂದಿರುಗಿಸಬೇಕು, ಸಹಜ ಸವೆತ ಮತ್ತು ತಡೆಯಲಾಗದ ಆಪತ್ತಿನಿಂದಾದ ಬದಲಾವಣೆ ಬಿಟ್ಟು. ಮತ್ತು ಅವಧಿ ಮುಗಿದಾಗ ಮನೆಯನ್ನು ಓನರ್‌ನ ಸ್ವಾಧೀನಕ್ಕೆ ಕೊಡಬೇಕು. ಈ ಎರಡೂ ನೆರವೇರಿದವು ಎಂದು ತೋರಿಸುವುದೇ ಕೀ ಕೊಟ್ಟ ದಿನದ ಮೆಸೇಜಿನ ಕೆಲಸ. ಸ್ವಾಧೀನ ಕೊಟ್ಟಿದ್ದಕ್ಕೆ ಕೀಗಳ ಲೆಕ್ಕ, ಸ್ಥಿತಿಗೆ ಫೋಟೊ.

ಇನ್ನು ತಾರೀಖಿನ ವಿಷಯ. ಫೋಟೊ ಮೂಲೆಯಲ್ಲಿ ಕೆಂಪು ಅಕ್ಷರದ ದಿನಾಂಕ ಮೂಡಿಸುವ ಆ್ಯಪ್ ಹಾಕಿಕೊಂಡರೆ ಸಾಕು ಎಂದು ಅನೇಕರು ತಿಳಿದಿದ್ದಾರೆ. ಆ ಅಕ್ಷರಗಳನ್ನು ಯಾರು ಬೇಕಾದರೂ ಯಾವಾಗ ಬೇಕಾದರೂ ಬರೆಯಬಹುದು. ಫೋಟೊ ಫೈಲಿನ ಒಳಗೆ ಕ್ಯಾಮೆರಾ ತಾನೇ ಬರೆದುಕೊಳ್ಳುವ ದಿನಾಂಕ ಸ್ವಲ್ಪ ಗಟ್ಟಿ. ಆದರೂ ಫೋನಿನ ಗಡಿಯಾರ ತಿರುಗಿಸಿದರೆ ಅದೂ ತಿರುಗುತ್ತದೆ. ನಿಜವಾದ ಬಲ ಬರುವುದು ಬೇರೆ ಕಡೆಯಿಂದ. ಆ ಫೋಟೊ ಅದೇ ದಿನ, ಅದೇ ಗಂಟೆಯಲ್ಲಿ ಎದುರಿನವರ ಫೋನಿಗೂ ಹೋಗಿ ಕೂತಿರುತ್ತದಲ್ಲ, ಅಲ್ಲಿಂದ. ಮೇ 31ರ ಸಂಜೆ ಓನರ್ ಫೋನಿಗೆ ತಲುಪಿದ ಗೋಡೆಯ ಚಿತ್ರವನ್ನು ಜೂನ್ 10ರಂದು ನೀವು ತಿದ್ದಲಾರಿರಿ, ಅವರೂ ತಿದ್ದಲಾರರು. ಹೀಗಾಗಿ ಈ ಫೋಟೊಗಳನ್ನು ನಿಮ್ಮಲ್ಲೇ ಜೋಪಾನವಾಗಿ ಇಟ್ಟುಕೊಂಡು ಜಗಳವಾದಾಗ ಹೊರತೆಗೆಯುತ್ತೇನೆ ಎಂಬ ಲೆಕ್ಕಾಚಾರ ತಲೆಕೆಳಗು. ಜಗಳ ಹುಟ್ಟುವ ಮೊದಲೇ ಎದುರಿನವರಿಗೆ ಒಪ್ಪಿಸಿದ ಫೋಟೊಗೇ ಬೆಲೆ.

ಕಳಿಸುವ ವಿಧಾನದಲ್ಲೂ ಒಂದು ಸೂಕ್ಷ್ಮವಿದೆ. ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿ ಫೋಟೊ ಕಳಿಸುವಂತೆ ಕಳಿಸಿದರೆ ಅದು ಚಿತ್ರವನ್ನು ಕುಗ್ಗಿಸುತ್ತದೆ, ಒಳಗಿನ ದಿನಾಂಕದ ವಿವರವನ್ನೂ ತೆಗೆದುಹಾಕುತ್ತದೆ. ಟೈಲ್ಸ್‌ನ ಕೂದಲೆಳೆಯ ಬಿರುಕು ಕುಗ್ಗಿದ ಚಿತ್ರದಲ್ಲಿ ಕಾಣದೇ ಹೋಗಬಹುದು. ಅದೇ ಫೈಲನ್ನು ‘ಡಾಕ್ಯುಮೆಂಟ್’ ಎಂದು ಆರಿಸಿ ಕಳಿಸಿದರೆ ಮೂಲ ಇದ್ದ ಹಾಗೇ ಹೋಗುತ್ತದೆ. ನಲವತ್ತು ಫೋಟೊ ಹೀಗೆ ಕಳಿಸಲು ಬೇಜಾರಾದರೆ ಎಲ್ಲವನ್ನೂ ಮಾಮೂಲಿಯಾಗಿ ಕಳಿಸಿ, ತಕರಾರು ಬರಬಹುದಾದ ನಾಲ್ಕೈದನ್ನು ಮಾತ್ರ ಡಾಕ್ಯುಮೆಂಟ್ ಆಗಿ ಕಳಿಸಿ. ಒಂದು ಇಮೇಲ್ ಕೂಡ ಹಾಕಿದರೆ ಇನ್ನೂ ಒಳ್ಳೆಯದು. ಡ್ರೈವ್‌ಗೆ ಹಾಕಿ ಲಿಂಕ್ ಮಾತ್ರ ಕಳಿಸುವುದು ಅಷ್ಟು ಸರಿಯಲ್ಲ. ಆ ಫೋಲ್ಡರ್ ಇರುವುದು ನಿಮ್ಮ ಕೈಯಲ್ಲಿ, ನಾಳೆ ಅದರೊಳಗೆ ಏನಾದರೂ ಸೇರಿಸಿದಿರಿ ಎಂದು ಯಾರಾದರೂ ಹೇಳಿದರೆ ಉತ್ತರಿಸುವುದು ಕಷ್ಟ. ಆ ಚಾಟ್‌ನಲ್ಲಿ ಮೆಸೇಜುಗಳು ತಾವಾಗಿ ಅಳಿದುಹೋಗುವ ವ್ಯವಸ್ಥೆ ಚಾಲೂ ಆಗಿದೆಯೇ ಎಂದೂ ಒಮ್ಮೆ ನೋಡಿಕೊಳ್ಳಿ.

ಫೋಟೊ ತೆಗೆಯುವುದರಲ್ಲಿ ಎಲ್ಲರೂ ಮಾಡುವುದು ಒಂದೇ: ಹಾಲಿನ ಮಧ್ಯೆ ನಿಂತು ನಾಲ್ಕು ದಿಕ್ಕಿಗೂ ಕ್ಲಿಕ್. ಅದರಲ್ಲಿ ಮನೆ ಚೆನ್ನಾಗಿ ಕಾಣುತ್ತದೆ, ಜಗಳದ ಜಾಗ ಒಂದೂ ಕಾಣುವುದಿಲ್ಲ. ಹಣ ಕಡಿತವಾಗುವುದು ಹಾಲಿನ ನಡುವಿನಿಂದಲ್ಲ. ಸಿಂಕಿನ ಕೆಳಗಿನ ಪ್ಲೈವುಡ್ ನೀರು ಕುಡಿದು ಊದಿದ್ದರಿಂದ, ವಾರ್ಡ್‌ರೋಬ್ ಬಾಗಿಲಿನ ಹಿಂಜ್ ಸಡಿಲವಾಗಿದ್ದರಿಂದ, ಕಿಟಕಿಯ ಸೊಳ್ಳೆ ಮೆಶ್ ಹರಿದಿದ್ದರಿಂದ, ಕಮೋಡಿನ ಫ್ಲಶ್ ನಿಲ್ಲದೆ ಸೋರುವುದರಿಂದ. ಒಂದು ಕ್ರಮ ಇಟ್ಟುಕೊಳ್ಳಿ. ಮೊದಲು ಮನೆ ನಂಬರ್ ಕಾಣುವಂತೆ ಮುಂಬಾಗಿಲು. ಅಲ್ಲಿಂದ ನಿಲ್ಲಿಸದೆ ಇಡೀ ಮನೆ ಸುತ್ತುವ ಒಂದೇ ವಿಡಿಯೊ. ಆಮೇಲೆ ಫೋಟೊಗಳು. ಪ್ರತಿ ಜಾಗಕ್ಕೂ ಎರಡು ಬೇಕು, ದೂರದಿಂದ ಒಂದು, ಹತ್ತಿರದಿಂದ ಒಂದು. ಬರೀ ಹತ್ತಿರದ ಚಿತ್ರ ತೆಗೆದರೆ ಅದು ಯಾವ ರೂಮಿನ ಗೋಡೆ ಎಂದು ಗೊತ್ತಾಗುವುದಿಲ್ಲ. ಬಿರುಕಿನ ಪಕ್ಕ ಒಂದು ರೂಪಾಯಿ ನಾಣ್ಯ ಇಟ್ಟರೆ ಅಳತೆ ತಿಳಿಯುತ್ತದೆ. ಫ್ಯಾನು ತಿರುಗುತ್ತಿರಲಿ, ಟ್ಯೂಬ್‌ಲೈಟು ಉರಿಯುತ್ತಿರಲಿ, ಗೀಸರಿನ ಕೆಂಪು ದೀಪ ಹತ್ತಿರಲಿ, ನಲ್ಲಿಯಲ್ಲಿ ನೀರು ಬರುತ್ತಿರಲಿ. ವಿಡಿಯೊದ ನಿಜವಾದ ಉಪಯೋಗ ಇಲ್ಲೇ. ಕೊನೆಗೆ ಕರೆಂಟ್ ಮೀಟರ್. ಮೀಟರಿನ ಪರದೆಯಲ್ಲಿ ಅಂಕಿಗಳು ಒಂದಾದ ಮೇಲೊಂದು ಬದಲಾಗುತ್ತಿರುತ್ತವೆ. ಪಕ್ಕದಲ್ಲಿ kWh ಎಂದಿರುವಾಗ ತೆಗೆದದ್ದೇ ರೀಡಿಂಗ್. ಹಾಗೇ ಕೀಗಳನ್ನೆಲ್ಲ ಕಟ್ಟೆಯ ಮೇಲೆ ಹರಡಿ ಒಂದು ಫೋಟೊ.

ಮನೆಗೆ ಬಂದ ದಿನದ ಫೋಟೊಗಳು ಇಲ್ಲದಿದ್ದರೆ ಬಿಡುವ ದಿನದ ಫೋಟೊಗಳಿಗೆ ಅರ್ಧ ಬಲ ಮಾತ್ರ. ಈಗ ಹೇಗಿದೆ ಎಂದು ತೋರಿಸುತ್ತವೆ, ಮೊದಲು ಹೇಗಿತ್ತು ಎಂಬುದಕ್ಕೆ ಬಾಯಿಮಾತೇ ಗತಿ. ಹಾಲು ಉಕ್ಕಿಸುವ ದಿನ ತೆಗೆದ ಮನೆಮಂದಿಯ ಫೋಟೊಗಳ ಹಿನ್ನೆಲೆಯಲ್ಲಿ ಗೋಡೆಯ ಕಲೆ ಸಿಕ್ಕಿ ಕೆಲಸಕ್ಕೆ ಬಂದದ್ದೂ ಉಂಟು. ಅದನ್ನು ನಂಬಿಕೊಂಡು ಕೂರುವಂತಿಲ್ಲ, ಹುಡುಕಿ ನೋಡಬಹುದು.

ಒಂದು ಲೆಕ್ಕವನ್ನು ಪೂರ್ತಿ ಹಾಕಿ ನೋಡೋಣ. ಇದು ಕಲ್ಪಿತ ಉದಾಹರಣೆ, ಆದರೆ ಇದರಲ್ಲಿರುವ ಪ್ರತಿ ತಕರಾರೂ ಈ ಊರಿನಲ್ಲಿ ದಿನಾ ನಡೆಯುವಂಥದ್ದು. ಎರಡು ಬೆಡ್‌ರೂಮಿನ ಫ್ಲ್ಯಾಟ್, ಬಾಡಿಗೆ 28,000, ಅಡ್ವಾನ್ಸ್ 1,50,000. ಖಾಲಿ ಮಾಡುವಾಗ ಪೇಂಟಿಂಗ್ ಮತ್ತು ಕ್ಲೀನಿಂಗ್‌ಗೆ ಒಂದು ತಿಂಗಳ ಬಾಡಿಗೆ ಹಿಡಿಯುವುದೆಂದು ಕರಾರಿನಲ್ಲಿದೆ. ಓನರ್ ಇರುವುದು ಮೈಸೂರಿನಲ್ಲಿ. “ಕೀ ನನ್ನ ತಮ್ಮನ ಕೈಗೆ ಕೊಡಿ” ಎಂದು ಮೇ 29ರಂದು ಮೆಸೇಜ್ ಮಾಡಿದ್ದಾರೆ. ಮೇ 31ರ ಸಂಜೆ ಬಾಡಿಗೆದಾರರು ಬರೆದದ್ದು ಹೀಗೆ:

“ನಮಸ್ಕಾರ ಸರ್. ಇವತ್ತು 31-05-2025, ಶನಿವಾರ, ಸಂಜೆ 5.40ಕ್ಕೆ 204ನೇ ಫ್ಲ್ಯಾಟ್ ಖಾಲಿ ಮಾಡಿ, ನಿಮ್ಮ 29ನೇ ತಾರೀಖಿನ ಮೆಸೇಜಿನಂತೆ ಕೀಗಳನ್ನು ನಿಮ್ಮ ತಮ್ಮನವರ ಕೈಗೆ ಕೊಟ್ಟಿದ್ದೇನೆ. ಮುಂಬಾಗಿಲು 3, ರೂಮು 2, ಬಾಲ್ಕನಿ ಗ್ರಿಲ್ 1, ಲೆಟರ್ ಬಾಕ್ಸ್ 1, ಗೇಟ್ ಕಾರ್ಡ್ 2. ಬೇರೆ ಕೀ ನಮ್ಮ ಬಳಿ ಇಲ್ಲ. ಮೀಟರ್ ರೀಡಿಂಗ್ 8462. ಇವತ್ತು ಮನೆ ಇರುವ ಸ್ಥಿತಿಯ 38 ಫೋಟೊ, ಒಂದು ವಿಡಿಯೊ ಕಳಿಸಿದ್ದೇನೆ, ಇಬ್ಬರ ಬಳಿಯೂ ಇರಲಿ. ಅಡುಗೆಮನೆ ಸಿಂಕ್ ಪಕ್ಕದ ಗ್ರಾನೈಟ್ ಬಿರುಕು ನಮ್ಮಿಂದ ಆದದ್ದು, ಫೋಟೊ 17. ಬಾತ್‌ರೂಮ್ ಹಿಂದಿನ ಗೋಡೆಯ ತೇವ ನಾವು ಬರುವಾಗಲೇ ಇತ್ತು, ಫೋಟೊ 23. ಬಂದ ದಿನದ ಫೋಟೊ ಕೂಡ ಹಾಕಿದ್ದೇನೆ. ಬೇರೇನಾದರೂ ಕಂಡುಬಂದರೆ ಜೂನ್ 7ರೊಳಗೆ ಫೋಟೊ ಸಮೇತ ತಿಳಿಸಿ. ಕೀ ತಲುಪಿದೆ ಅಂತ ಒಂದು ಸಾಲು ಬರೆಯಿರಿ ಸರ್.”

ಇದರಲ್ಲಿ ಅಡ್ವಾನ್ಸ್ ಯಾವಾಗ ಕೊಡುತ್ತೀರಿ ಎಂಬ ಮಾತಿಲ್ಲ, ಎರಡು ವರ್ಷ ಚೆನ್ನಾಗಿ ನೋಡಿಕೊಂಡಿರಿ ಎಂಬ ಕೃತಜ್ಞತೆಯೂ ಇಲ್ಲ. ಅವುಗಳನ್ನು ಬೇರೆ ಮೆಸೇಜಿನಲ್ಲಿ ಧಾರಾಳವಾಗಿ ಬರೆಯಲಿ. ಇದು ದಾಖಲೆ, ಇದಕ್ಕೆ ಬರುವ ಉತ್ತರ ಹಣದ ಚರ್ಚೆಯಲ್ಲಿ ಕಳೆದುಹೋಗಬಾರದು.

ಓನರ್ ಜೂನ್ 5ರಂದು ಬಂದು ಮನೆ ನೋಡಿ ಪಟ್ಟಿ ಕಳಿಸುತ್ತಾರೆ. ಪೇಂಟಿಂಗ್ 28,000. ತೇವದ ಗೋಡೆ ರಿಪೇರಿ 15,000. ಗ್ರಾನೈಟ್ 9,000. ನಲ್ಲಿ, ಬಾತ್‌ರೂಮ್ ಗಾಜುಗಳ ಬಿಳಿ ಕಲೆ ತೆಗೆಸಲು 4,000. ಕೀ ತಮಗೆ ಸಿಕ್ಕಿದ್ದು 5ನೇ ತಾರೀಖು ಎಂದು ಐದು ದಿನದ ಬಾಡಿಗೆ 4,667. ಕರೆಂಟ್ 1,150. ಒಟ್ಟು 61,817 ಕಳೆದು 88,183 ವಾಪಸ್.

ಈಗ ಒಂದೊಂದಾಗಿ. ಪೇಂಟಿಂಗ್ ಕರಾರಿನಲ್ಲೇ ಇದೆ. ಗೋಡೆ ಕನ್ನಡಿಯಂತಿದ್ದರೂ ಫೋಟೊ ತೋರಿಸಿ ಅದನ್ನು ಉಳಿಸಿಕೊಳ್ಳಲಾಗದು. ಹಿಂದಿನ ಬಾಡಿಗೆದಾರರಿಂದಲೂ ಹಿಡಿದಿರುತ್ತಾರೆ, ಮುಂದಿನವರಿಂದಲೂ ಹಿಡಿಯುತ್ತಾರೆ, ಬಣ್ಣ ಹೊಡೆಸುತ್ತಾರೋ ಇಲ್ಲವೋ ದೇವರಿಗೇ ಗೊತ್ತು. ಸಹಿ ಹಾಕುವ ಮೊದಲು ಚೌಕಾಸಿ ಮಾಡಬೇಕಾದ ವಿಷಯ ಅದು. ಆದರೆ ಆ ಷರತ್ತಿನ ಇನ್ನೊಂದು ಮುಖವೂ ಇದೆ: ಪೇಂಟಿಂಗ್, ಕ್ಲೀನಿಂಗ್ ಎರಡಕ್ಕೂ ಸೇರಿಸಿ ಒಂದು ತಿಂಗಳು ಎಂದಿರುವಾಗ, ಮೊಳೆ ತೂತು ಮುಚ್ಚಲು, ಕಲೆ ತೆಗೆಯಲು ಮತ್ತೆ ಬೇರೆ ದುಡ್ಡು ಕೇಳುವ ಹಾಗಿಲ್ಲ. ಅಲ್ಲದೆ ನಲ್ಲಿಯ ಮೇಲಿನ ಬಿಳಿ ಉಪ್ಪು ಬೋರ್‌ವೆಲ್ ನೀರಿನ ಗಡಸುತನದ್ದು, ಯಾರು ಇದ್ದರೂ ಕಟ್ಟುತ್ತದೆ. ಅದು ಸಹಜ ಸವೆತ. 4,000 ಹೋಯಿತು.

ತೇವದ ಗೋಡೆಗೆ ಎರಡು ಫೋಟೊ ಪಕ್ಕಪಕ್ಕ ಇಟ್ಟರೆ ಮುಗಿಯಿತು. ಬಂದ ದಿನವೂ ಅದೇ ಜಾಗದಲ್ಲಿ ಪೇಂಟ್ ಉಬ್ಬಿತ್ತು. ಪೈಪಿನದ್ದೋ ವಾಟರ್‌ಪ್ರೂಫಿಂಗ್‌ನದ್ದೋ ದೋಷ, ಬಾಡಿಗೆದಾರರ ಕೈವಾಡವಿಲ್ಲ. 15,000 ಹೋಯಿತು. ಐದು ದಿನದ ಬಾಡಿಗೆ ನಿಲ್ಲುವುದಿಲ್ಲ. ಯಾರ ಕೈಗೆ ಕೊಡಬೇಕೆಂದು ಓನರ್ ಬರೆದು ತಿಳಿಸಿದ್ದರು, ಅವರ ಕೈಗೆ 31ರಂದೇ ಸೇರಿದೆ. 29ರ ಆ ಒಂದು ಮೆಸೇಜ್ ಇಲ್ಲದೆ ಸೆಕ್ಯೂರಿಟಿಯವರ ಕೈಗೆ ಕೊಟ್ಟು ಬಂದಿದ್ದರೆ ಮಾತು ಬೇರೆಯಾಗುತ್ತಿತ್ತು. ಓನರ್ ಒಪ್ಪದೆ ವಾಚ್‌ಮನ್ ಬಳಿ ಬಿಟ್ಟ ಕೀ ಓನರ್‌ಗೆ ತಲುಪಿದಂತೆ ಎಂದು ಖಚಿತವಾಗಿ ಹೇಳಲಾಗದು.

ಗ್ರಾನೈಟ್ ಬಿರುಕು ಬಂದ ದಿನದ ಫೋಟೊದಲ್ಲಿ ಇಲ್ಲ, ಬಿಟ್ಟ ದಿನದ್ದರಲ್ಲಿ ಇದೆ. ಅದು ಬಾಡಿಗೆದಾರರದ್ದೇ ಹೊಣೆ, ಅವರೇ ಬರೆದಿದ್ದಾರೆ ಕೂಡ. ಇಲ್ಲಿ ಫೋಟೊ ಓನರ್ ಪರ ನಿಂತಿತು. ಇಡೀ ಕಲ್ಲು ಬದಲಾಯಿಸುವುದೋ, ತುಂಡು ಕೂರಿಸುವುದೋ ಎಂದು ಚರ್ಚೆಯಾಗಿ ಗ್ರಾನೈಟ್‌ನವರ ಬಿಲ್ಲಿನಂತೆ 6,000ಕ್ಕೆ ಇತ್ಯರ್ಥವಾಯಿತು ಎಂದುಕೊಳ್ಳೋಣ. ಈಗ ಕಡಿತ 28,000, 6,000, 1,150, ಒಟ್ಟು 35,150. ವಾಪಸ್ 1,14,850. ಮೊದಲ ಪಟ್ಟಿಗೂ ಇದಕ್ಕೂ ಇರುವ ಅಂತರ 26,667 ರೂಪಾಯಿ, ಹೆಚ್ಚುಕಡಿಮೆ ಒಂದು ತಿಂಗಳ ಬಾಡಿಗೆ.

ತಮ್ಮಿಂದಾದ ಹಾನಿಯನ್ನು ತಾವೇ ಬರೆಯುವುದು ದಡ್ಡತನ ಎಂದು ಕೆಲವರು ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಗ್ರಾನೈಟ್ ಬಿರುಕನ್ನು ಯಾವ ಓನರ್ ಆದರೂ ಮೊದಲ ದಿನವೇ ನೋಡುತ್ತಾರೆ. ಅದನ್ನು ಬಿಟ್ಟು ಉಳಿದದ್ದನ್ನಷ್ಟೇ ತೆಗೆದ ಫೋಟೊಗಳ ಕಂತೆಯಲ್ಲಿ ಮೂವತ್ತೇಳನ್ನೂ ಅನುಮಾನದಿಂದಲೇ ನೋಡುತ್ತಾರೆ. ಓನರ್‌ಗಳಿಗೂ ಇದೇ ಮಾತು. ಬಾಡಿಗೆದಾರರು ಹೋದ ಮೇಲೆ ಪೇಂಟರ್, ಪ್ಲಂಬರ್, ಬ್ರೋಕರ್ ಕರೆತಂದ ಜನ ಎಲ್ಲರೂ ಮನೆಯೊಳಗೆ ಓಡಾಡಿರುತ್ತಾರೆ. ಕೀ ಪಡೆದ ದಿನವೇ ನೋಡಿ, ಕಂಡದ್ದನ್ನು ಫೋಟೊ ಸಮೇತ ಬರೆದರೆ ಅದಕ್ಕೆ ತೂಕ. ಮೂರು ವಾರ ಬಿಟ್ಟು ವಾಷ್‌ಬೇಸಿನ್ ಒಡೆದಿದೆ ಎಂದರೆ ಒಡೆದವರು ಯಾರೋ.

ಓನರ್ ಅಮೆರಿಕದಲ್ಲೋ ದುಬೈನಲ್ಲೋ ಇರುವ ಫ್ಲ್ಯಾಟುಗಳು ಬೆಂಗಳೂರಿನಲ್ಲಿ ಬಹಳ. ಅಲ್ಲಿ ಕೀ ಪಡೆಯುವವರು ಅತ್ತೆಮನೆಯವರೋ ಬ್ರೋಕರೋ ಆಗಿರುತ್ತಾರೆ. ಯಾರಿಗೆ ಕೊಡಬೇಕೆಂದು ಓನರ್ ಅವರಿಂದಲೇ ಬರೆಸಿಕೊಳ್ಳಿ, ಮೆಸೇಜಿನಲ್ಲಿ ಭಾರತದ ಸಮಯ ಎಂದು ನಮೂದಿಸಿ; ನಮ್ಮ 31ನೇ ತಾರೀಖಿನ ಬೆಳಗ್ಗೆ ಅಮೆರಿಕದಲ್ಲಿರುವವರ ಫೋನಿನಲ್ಲಿ 30 ಎಂದೇ ತೋರಿಸುತ್ತಿರುತ್ತದೆ.

ಅಡ್ವಾನ್ಸ್ ಕೈಗೆ ಬರುವವರೆಗೆ ಕೀ ಕೊಡುವುದೇ ಇಲ್ಲ ಎಂದು ಕೂರುವುದು ಇನ್ನೊಂದು ದಾರಿ. ಭೋಗ್ಯದ ಮನೆಗಳಲ್ಲಿ, ಅಂದರೆ ತಿಂಗಳ ಬಾಡಿಗೆಯಿಲ್ಲದೆ ದೊಡ್ಡ ಗಂಟು ಕೊಟ್ಟು ‘ಲೀಸಿಗೆ’ ಇರುವಲ್ಲಿ, ಅದೇ ರೂಢಿ. ಗಂಟು ಎಣಿಸಿಕೊಂಡೇ ಕೀ ಕೊಡುತ್ತಾರೆ. ಅಲ್ಲಿ ಕೂತರೂ ಬಾಡಿಗೆ ಏರುವುದಿಲ್ಲವಾದ್ದರಿಂದ ನಡೆಯುತ್ತದೆ. ತಿಂಗಳ ಬಾಡಿಗೆಯ ಮನೆಯಲ್ಲಿ ಕೀ ಇಟ್ಟುಕೊಂಡ ಪ್ರತಿ ದಿನಕ್ಕೂ ಬಾಡಿಗೆ ಕೇಳಲು ಓನರ್‌ಗೆ ಕಾರಣ ಸಿಗುತ್ತದೆ, ಅವಧಿ ಮೀರಿದರೆ ದುಪ್ಪಟ್ಟು ಎಂಬ ಷರತ್ತು ಕೂಡ ಎಷ್ಟೋ ಕರಾರುಗಳಲ್ಲಿದೆ. ಓನರ್ ಬೇಕೆಂದೇ ಕೀ ತೆಗೆದುಕೊಳ್ಳಲು ಬರದಿದ್ದರೆ ಮನೆ ಖಾಲಿಯಾಗಿದೆ, ಕೀ ಸಿದ್ಧವಿದೆ, ಇಂಥ ದಿನ ಇಂಥ ಹೊತ್ತಿಗೆ ಮನೆಯ ಬಳಿ ಇರುತ್ತೇನೆ ಎಂದು ಮೆಸೇಜ್ ಮತ್ತು ಇಮೇಲ್ ಮಾಡಿ. ಆಗಲೂ ಉತ್ತರವಿಲ್ಲದಿದ್ದರೆ ಅದೇ ಮಾತನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ.

ಅದೇ ದಿನ ಮುಗಿಸಬೇಕಾದ ಇನ್ನೊಂದು ಕೆಲಸವಿದೆ, ಬಹಳ ಜನ ಮರೆಯುತ್ತಾರೆ. ಗೃಹಜ್ಯೋತಿಗೆ ನಿಮ್ಮ ಆಧಾರ್ ಹಳೆಯ ಮನೆಯ ಮೀಟರಿಗೆ ಜೋಡಣೆಯಾಗಿದ್ದರೆ ಅದನ್ನು ಸೇವಾಸಿಂಧುವಿನಲ್ಲಿ ಡಿ-ಲಿಂಕ್ ಮಾಡಿ. ಇಲ್ಲದಿದ್ದರೆ ಹೊಸ ಮನೆಯಲ್ಲಿ ಸೌಲಭ್ಯಕ್ಕೆ ಅರ್ಜಿ ಹಾಕುವಾಗ ನಿಮಗೂ ತೊಡಕು, ಹಳೆಯ ಮನೆಗೆ ಬರುವವರಿಗೂ ತೊಡಕು.

ಇಷ್ಟೆಲ್ಲ ಆದರೂ ಮೆಸೇಜಿನಿಂದ ಹಣ ತಾನಾಗಿ ಬರುವುದಿಲ್ಲ. ಕೊಡದಿರಲು ತೀರ್ಮಾನಿಸಿದ ಓನರ್ ಎರಡು ನೀಲಿ ಗೆರೆ ತೋರಿಸಿ ಸುಮ್ಮನಿರಬಹುದು. ಆಗ ವಕೀಲರ ನೋಟಿಸ್, ಅದಕ್ಕೂ ಬಗ್ಗದಿದ್ದರೆ ಹಣ ವಸೂಲಿಯ ದಾವೆ. ಎಷ್ಟೋ ಜಗಳಗಳು ನೋಟಿಸಿನ ಹಂತದಲ್ಲೇ ಮುಗಿಯುತ್ತವೆ. ನೋಟಿಸಿಗೆ ತಾರೀಖು ಸಮೇತ ಫೋಟೊ ಲಗತ್ತಾಗಿದ್ದರೆ ಇನ್ನೂ ಬೇಗ. ಕೋರ್ಟಿಗೆ ಹೋದರೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಫೋನಿನಿಂದ ತೆಗೆದ ಪ್ರತಿಗಳ ಜೊತೆ ನಿಗದಿತ ನಮೂನೆಯ ಪ್ರಮಾಣಪತ್ರ ಕೊಡಬೇಕಾಗುತ್ತದೆ. ಬರೀ ಸ್ಕ್ರೀನ್‌ಶಾಟ್ ಮುದ್ರಿಸಿ ಕೊಟ್ಟರೆ ಎದುರು ಪಕ್ಷದ ವಕೀಲರು ಸುಮ್ಮನಿರುವುದಿಲ್ಲ. ಹಾಗಾಗಿ ಮೂಲ ಫೋಟೊಗಳು ಮೂಲ ಫೋನಿನಲ್ಲೇ ಇದ್ದರೆ ಒಳ್ಳೆಯದು. ಹಣ ವಸೂಲಿಗೆ ದಾವೆ ಹೂಡಲು ಸಾಮಾನ್ಯವಾಗಿ ಮೂರು ವರ್ಷದ ಕಾಲಾವಕಾಶವಿದೆ. ಅಡ್ವಾನ್ಸ್ ಪೂರ್ತಿ ಚುಕ್ತಾ ಆಗುವವರೆಗೆ ಆ ಚಾಟ್ ಅಳಿಸಬೇಡಿ, ಹಳೇ ಫೋನನ್ನು ಎಕ್ಸ್‌ಚೇಂಜ್‌ಗೆ ಕೊಡಬೇಡಿ.